ಶೂ ಗಟ್ಟಿ ಅನ್ನುವುದು ಸಾಕಾಗಲ್ಲ, ಮಾರ್ಚ್‌ವರೆಗೆ ಕಾಲಿಗೆ ಹಿಡಿಯುತ್ತಾ ಅದನ್ನೂ ಹೇಳಿ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಚಪ್ಪಲಿ ಅಂಗಡಿ. ಎರಡು ವರ್ಷದಿಂದ ನಮ್ಮದೇ ಹೆಸರಿನಲ್ಲಿ ಕಪ್ಪು ಶಾಲಾ ಶೂ ಮಾಡಿಸಿ ಮಾರುತ್ತಿದ್ದೇವೆ. ಟಿಪಿಆರ್ ಸೋಲ್, ಅಂಟಿಸಿ ಸುತ್ತ ಹೊಲಿಗೆ ಹಾಕಿಸಿದ್ದೇವೆ. ಎರಡು ಪಟ್ಟಿ ವೆಲ್ಕ್ರೋ. ಬೆಲೆ 649 ರೂಪಾಯಿ. ವಾಟ್ಸಾಪ್‌ನಲ್ಲಿ ಹಾಕಿದರೆ "ಜಾಸ್ತಿ ಆಯ್ತು" ಅಂತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ನಾವು ಬರೆದಿರುವುದು ಇಷ್ಟು: "ಅತ್ಯುತ್ತಮ ಗುಣಮಟ್ಟ, ದೀರ್ಘ ಬಾಳಿಕೆ, ಆರಾಮದಾಯಕ ಹಾಗೂ ಆಕರ್ಷಕ ವಿನ್ಯಾಸ. ನಿಮ್ಮ ಮಗುವಿನ ಉಜ್ವಲ ಭವಿಷ್ಯಕ್ಕಾಗಿ." ಲೆಕ್ಕ ಹಾಕಿ ಖರ್ಚು ಮಾಡುವ ತಂದೆ ತಾಯಿಗೆ ಇದನ್ನು ಹೇಗೆ ಬರೆಯಬೇಕು?

ಉತ್ತರ: ನಿಮ್ಮ ಆ ಎರಡು ಸಾಲನ್ನು 299 ರೂಪಾಯಿಯ ಶೂ ಡಬ್ಬಿಯ ಮೇಲೆ ಅಂಟಿಸಿ ನೋಡಿ. ಸರಿಯಾಗಿ ಕೂರುತ್ತದೆ. 1,500 ರೂಪಾಯಿಯ ಡಬ್ಬಿಗೂ ಕೂರುತ್ತದೆ. ಹಾಗಾಗಿ ಓದಿದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಬೆಲೆ ಒಂದೇ ಕಣ್ಣಿಗೆ ಬೀಳುತ್ತದೆ. ಬೇರೇನೂ ಕಾಣದಿದ್ದಾಗ 649 ಜಾಸ್ತಿಯೇ.

ಅಂಗಡಿಗೆ ಬಂದ ತಾಯಿ ಏನು ಕೇಳುತ್ತಾರೆ ಅನ್ನುವುದನ್ನು ನೀವು ದಿನಾ ಕೇಳಿಸಿಕೊಳ್ಳುತ್ತೀರಿ. "ಇದು ವರ್ಷ ಬರುತ್ತಾ?" ಅಂತ ಕೇಳುತ್ತಾರೆ. ನಂತರ ಮಗುವಿನ ಕಾಲು ನೋಡಿ, "ಬೆಳೆಯೋ ಮಕ್ಕಳು, ಎರಡು ಸೈಜ್ ದೊಡ್ಡದೇ ಕೊಡಿ" ಅಂತಾರೆ. ಅವರ ಲೆಕ್ಕವೆಲ್ಲ ಈ ಎರಡು ಮಾತಿನಲ್ಲಿದೆ. ಜೂನ್‌ನಲ್ಲಿ ಕೊಟ್ಟ ದುಡ್ಡು ಮಾರ್ಚ್‌ವರೆಗೆ ನಡೆಯಬೇಕು. ಅದಕ್ಕೆ ಶೂ ಹರಿಯಬಾರದು, ಕಾಲೂ ಶೂ ಮೀರಿ ಬೆಳೆಯಬಾರದು. ಎರಡರಲ್ಲಿ ಯಾವುದು ಮೊದಲು ಕೈಕೊಟ್ಟರೂ ಮತ್ತೊಂದು ಜೊತೆ ಕೊಳ್ಳಬೇಕು. ಶಾಲಾ ಶೂ ಮಾರುವವರೆಲ್ಲ ಮೊದಲನೆಯದರ ಬಗ್ಗೆ ಮಾತ್ರ ಬರೆಯುತ್ತಾರೆ. ಎರಡನೆಯದರ ಬಗ್ಗೆ ಬರೆಯುವವರು ಬಹಳ ಕಡಿಮೆ. ನಿಮಗೆ ಜಾಗ ಇರುವುದು ಅಲ್ಲೇ.

ಮೊದಲು ಬಾಳಿಕೆಯ ಮಾತು ಮುಗಿಸೋಣ. "ದೀರ್ಘ ಬಾಳಿಕೆ" ಅಂತ ಬರೆಯುವ ಬದಲು, ಶಾಲಾ ಶೂ ಎಲ್ಲಿ ಹಾಳಾಗುತ್ತದೆ ಅಂತ ಯೋಚಿಸಿ. ಅದು ಸಾಮಾನ್ಯವಾಗಿ ಮೂರು ನಾಲ್ಕು ಜಾಗದಲ್ಲೇ ಹಾಳಾಗುವುದು. ಒಂದು, ಮೂತಿ. ಕಲ್ಲು ಒದೆಯುವುದು, ಸೈಕಲ್ ನಿಲ್ಲಿಸಲು ಕಾಲು ನೆಲಕ್ಕೆ ಉಜ್ಜುವುದು, ಇದರಿಂದ ಮೇಲಿನ ಕಪ್ಪು ಪದರ ಸುಲಿಯುತ್ತದೆ. ಇನ್ನೊಂದು, ಸೋಲು ಮುಂದುಗಡೆ ಬಾಯಿ ಬಿಡುವುದು. ಮತ್ತೊಂದು, ಬೆರಳುಗಳ ಬುಡದಲ್ಲಿ ಶೂ ಮಡಚುವ ಜಾಗದಲ್ಲಿ ಬೀಳುವ ಬಿರುಕು. ಕೊನೆಗೆ ವೆಲ್ಕ್ರೋ. ಅದರ ಕೊಕ್ಕೆಯಂಥ ಕಡೆಗೆ ಸಾಕ್ಸಿನ ನೂಲು, ಕೂದಲು, ಧೂಳು ತುಂಬಿ ಅದು ಹಿಡಿಯುವುದನ್ನೇ ಬಿಡುತ್ತದೆ.

ತಂದೆ ತಾಯಿಗೆ ಈ ಜಾಗಗಳೆಲ್ಲ ಗೊತ್ತು. ಹೋದ ವರ್ಷದ ಶೂ ಇನ್ನೂ ಮನೆಯ ಮೂಲೆಯಲ್ಲಿ ಬಿದ್ದಿರುತ್ತದೆ. ನೀವು "ಮುಂದೆ ಬಾಯಿ ಬಿಡಲ್ಲ" ಅಂತ ಬರೆದರೆ ಅವರಿಗೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಯಾಕೆ ಬಿಡಲ್ಲ ಅನ್ನುವುದನ್ನು ಸೇರಿಸಿ, ಕೈಯಲ್ಲಿ ಹೇಗೆ ಪರೀಕ್ಷಿಸಬಹುದು ಅನ್ನುವುದನ್ನೂ ಹೇಳಿ.

ನಿಮ್ಮ ಶೂನಲ್ಲಿ ಸೋಲನ್ನು ಅಂಟಿಸಿ, ಅದರ ಮೇಲೆ ಸುತ್ತ ಹೊಲಿಗೆ ಹಾಕಿದ್ದಾರೆ. ಬರೀ ಅಂಟಿಸಿದ ಶೂ ಮಳೆನೀರು ಕುಡಿದು, ಒಣಗಿ, ಮತ್ತೆ ನೆನೆದರೆ ಅಂಟು ಸೋಲುತ್ತದೆ. ಹೊಲಿಗೆ ಇದ್ದರೆ ಅಂಟು ಸ್ವಲ್ಪ ಸಡಿಲವಾದರೂ ಸೋಲು ಕಳಚಿಕೊಳ್ಳುವುದಿಲ್ಲ. ಇದು ನಿಮ್ಮ ದೊಡ್ಡ ಮಾತು. ಇದನ್ನು "ಸೈಡ್ ಸ್ಟಿಚ್ ತಂತ್ರಜ್ಞಾನ" ಅಂತ ಬರೆದು ಹಾಳುಮಾಡಬೇಡಿ. ಹೀಗೆ ಬರೆಯಿರಿ: "ಸೋಲನ್ನು ಬರೀ ಅಂಟಿಸಿಲ್ಲ, ಸುತ್ತ ಹೊಲಿದಿದ್ದೇವೆ. ಅಂಚಿನ ಮೇಲೆ ಬೆರಳಾಡಿಸಿ ನೋಡಿ, ದಾರ ಸಿಗುತ್ತದೆ." ಎರಡನೆಯ ವಾಕ್ಯ ಮುಖ್ಯ. ಕೆಲವು ಅಗ್ಗದ ಸೋಲುಗಳಲ್ಲಿ ಹೊಲಿಗೆಯ ಗುರುತನ್ನು ಅಚ್ಚಿನಲ್ಲೇ ಮೂಡಿಸಿರುತ್ತಾರೆ. ದೂರದಿಂದ ಹೊಲಿಗೆ ಇದ್ದಂತೆ ಕಾಣುತ್ತದೆ, ಮುಟ್ಟಿದರೆ ದಾರ ಇರುವುದಿಲ್ಲ. ನಿಮ್ಮ ಸಾಲು ಓದಿದವರು ಮುಂದಿನ ಅಂಗಡಿಯಲ್ಲೂ ಬೆರಳಾಡಿಸಿ ನೋಡುತ್ತಾರೆ.

ಸೋಲಿನ ಬಗ್ಗೆಯೂ ಹೀಗೇ. ಟಿಪಿಆರ್ ಅನ್ನುವ ಮೂರಕ್ಷರದಿಂದ ಯಾರಿಗೂ ಏನೂ ಆಗಬೇಕಿಲ್ಲ. ಅದು ರಬ್ಬರಿನಂತೆ ಬಾಗುತ್ತದೆ, ಒದ್ದೆ ನೆಲದಲ್ಲಿ ಗಟ್ಟಿ ಪಿವಿಸಿಗಿಂತ ಚೆನ್ನಾಗಿ ಹಿಡಿಯುತ್ತದೆ. ಜೂನ್‌ನಲ್ಲಿ ಶಾಲೆ ಶುರು, ಮಳೆಯೂ ಆಗಲೇ ಶುರು. ಶಾಲೆಯ ಪಡಸಾಲೆ, ಮೆಟ್ಟಿಲು ಎಲ್ಲ ಒದ್ದೆ. "ಒದ್ದೆ ಮೆಟ್ಟಿಲಲ್ಲಿ ಬೇಗ ಜಾರಲ್ಲ" ಅಂದರೆ ಸಾಕು. "ಜಾರುವುದೇ ಇಲ್ಲ" ಅಂತ ಬರೆಯಬೇಡಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಎಲ್ಲ ಶೂನೂ ಜಾರುತ್ತದೆ.

ಇಲ್ಲೇ ಒಂದು ಮಾತು. ಮುಂದೆ ನೀವು ಪಿಯು, ಅಂದರೆ ಪಾಲಿಯುರೆಥೇನ್ ಸೋಲಿನ ಶೂ ತಂದರೆ ಬರೆಯುವ ಮಾತು ಬೇರೆಯಾಗಬೇಕು. ಪಿಯು ಹಗುರ, ಸವೆಯುವುದೂ ನಿಧಾನ. ಆದರೆ ತೇವದ ಗಾಳಿಯಲ್ಲಿ ಬಳಸದೆ ವರ್ಷಗಟ್ಟಲೆ ಇಟ್ಟರೆ ಅದು ಒಳಗೊಳಗೇ ಪುಡಿಯಾಗಬಹುದು. "ತಮ್ಮನಿಗೆ ಆಗುತ್ತೆ" ಅಂತ ಡಬ್ಬಿಯಲ್ಲಿ ಎತ್ತಿಟ್ಟ ಶೂ ತೆಗೆದು ಹಾಕಿದ ದಿನವೇ ಸೋಲು ಉದುರಿದ್ದನ್ನು ನೀವೂ ನೋಡಿರಬಹುದು. ಇಂಥ ಶೂಗೆ "ಅಣ್ಣನಾದ ಮೇಲೆ ತಮ್ಮನಿಗೂ" ಅಂತ ಬರೆಯುವಂತಿಲ್ಲ. ಹೇಗೂ ಒಬ್ಬರು ವರ್ಷವಿಡೀ ಹಾಕಿದ ಶೂ ಅವರ ಕಾಲಿನ ಆಕಾರಕ್ಕೆ ಕುಗ್ಗಿರುತ್ತದೆ. ಆ ಸಾಲನ್ನು ಯಾವ ಶೂಗೂ ನಾನು ಬರೆಯುವುದಿಲ್ಲ.

ಈಗ "ವರ್ಷ ಬರುತ್ತೆ" ಅನ್ನುವ ಮಾತು. ಇದನ್ನು ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಬರೆಯುವ ಮೊದಲು ನಿಮ್ಮ ಕೈಯಲ್ಲಿ ಏನಾದರೂ ಆಧಾರ ಇರಬೇಕು. ಎರಡು ವರ್ಷದಿಂದ ಮಾರುತ್ತಿದ್ದೀರಿ ಅಂದರೆ, ಯಾವ ತಿಂಗಳಲ್ಲಿ ಎಷ್ಟು ಜೊತೆ ಏನು ಕೆಟ್ಟು ವಾಪಸ್ ಬಂತು ಅನ್ನುವುದು ಎಲ್ಲೋ ಒಂದು ಕಡೆ ಬರೆದಿಟ್ಟಿರಬೇಕಲ್ಲ. ಇಲ್ಲದಿದ್ದರೆ ಈ ಜೂನ್‌ನಿಂದಲೇ ಒಂದು ನೋಟ್‌ಬುಕ್ ಇಡಿ. ಸೈಜು, ತಿಂಗಳು, ಎಲ್ಲಿ ಕೆಟ್ಟಿತು, ಇಷ್ಟೇ ಸಾಕು. ಜೊತೆಗೆ ಪರಿಚಯದ ಹತ್ತು ಹನ್ನೆರಡು ಮಕ್ಕಳ ಶೂಗಳ ಫೋಟೋವನ್ನು ತಿಂಗಳಿಗೊಮ್ಮೆ ತೆಗೆಯಿರಿ. ನಡೆದುಕೊಂಡು ಹೋಗುವವರು, ಆಟೋದಲ್ಲಿ ಹೋಗುವವರು, ಸೈಕಲ್ ಹೊಡೆಯುವವರು, ಎಲ್ಲ ಥರದವರೂ ಇರಲಿ. ಮುಂದಿನ ಮೇ ತಿಂಗಳಲ್ಲಿ ನಿಮ್ಮ ಹತ್ತಿರ ಇರುವುದು ಸುಮ್ನೆ ಹೊಗಳಿಕೆಯಲ್ಲ. ಹತ್ತು ತಿಂಗಳು ಹಾಕಿದ ಶೂವಿನ ಫೋಟೋ, ಅದೂ ಮೂತಿ ಸವೆದದ್ದು ಕಾಣುವ ಹಾಗೆ. ಹೊಸ ಶೂ ಫೋಟೋಕ್ಕಿಂತ ಅದು ಜಾಸ್ತಿ ಮಾರುತ್ತದೆ.

ಕಾನೂನಿನ ಕಡೆಯಿಂದಲೂ ಇದು ಮುಖ್ಯ. ತಪ್ಪುದಾರಿಗೆಳೆಯುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅವಕಾಶ ಇದೆ. ವಾಟ್ಸಾಪ್ ಸಂದೇಶವೂ ಜಾಹೀರಾತೇ. ಮಾಡಿಕೊಟ್ಟವರ ಹತ್ತಿರ ಪರವಾನಗಿ ಇಲ್ಲದೆ ಐಎಸ್‌ಐ ಗುರುತನ್ನಂತೂ ಚಿತ್ರಕ್ಕೆ ಸೇರಿಸಲೇಬೇಡಿ. ಅವರು ಪರವಾನಗಿ ಇದೆ ಅಂದರೆ ಅದರ ನಂಬರ್ ಕೇಳಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಇನ್ನು ಸೈಜು. ನನ್ನ ಪ್ರಕಾರ ನಿಮ್ಮ ಬರಹದ ಅರ್ಧ ಭಾಗ ಇದಕ್ಕೇ ಮೀಸಲಾಗಬೇಕು.

ನಾವು ಇಲ್ಲಿ ಬಳಸುವ ಯುಕೆ ಸೈಜಿನಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ವ್ಯತ್ಯಾಸ ಇಂಚಿನ ಮೂರನೇ ಒಂದು ಭಾಗ. ಅಂದರೆ ಸುಮಾರು 8.5 ಮಿಲಿಮೀಟರ್. ಪ್ರೈಮರಿ ಶಾಲೆಯ ಮಗುವಿನ ಕಾಲು ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ. ತೀರ ಚಿಕ್ಕವರದು ಇನ್ನೂ ಬೇಗ. ಹೊಸ ಶೂ ಹಾಕಿ ನಿಂತಾಗ ಬೆರಳಿನ ಮುಂದೆ 10ರಿಂದ 12 ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಅಗಲಕ್ಕಿಂತ ಸ್ವಲ್ಪ ಕಡಿಮೆ ಜಾಗ ಇದ್ದರೆ ಸರಿಯಾದ ಸೈಜು.

ಒಂದು ಮಗುವಿನ ಲೆಕ್ಕ ಹಾಕಿ ನೋಡೋಣ. ಎರಡನೇ ಕ್ಲಾಸಿನ ಹುಡುಗಿ, ಕಾಲಿನ ಉದ್ದ 18.8 ಸೆಂಟಿಮೀಟರ್. ನಿಮ್ಮ 12ನೇ ನಂಬರಿನ ಶೂವಿನ ಒಳಗಿನ ಉದ್ದ 20 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಜೂನ್‌ನಲ್ಲಿ ಮುಂದೆ 12 ಮಿಲಿಮೀಟರ್ ಜಾಗ. ಮಾರ್ಚ್ ಹೊತ್ತಿಗೆ ಕಾಲು 19.6 ಆಗಿರುತ್ತದೆ. ಇನ್ನೂ 4 ಮಿಲಿಮೀಟರ್ ಉಳಿದಿದೆ. ಬೆರಳು ತಾಗಲು ಶುರುವಾಗುವ ಹೊತ್ತಿಗೆ ಪರೀಕ್ಷೆ ಮುಗಿದು ರಜಾ ಬಂದಿರುತ್ತದೆ. ಸರಿಯಾದ ಸೈಜೇ ಒಂದು ಶಾಲಾ ವರ್ಷದ ಬೆಳವಣಿಗೆಗೆ ಜಾಗ ಕೊಡುತ್ತದೆ.

ಈಗ ಅಮ್ಮ ಕೇಳಿದಂತೆ ಎರಡು ಸೈಜು ದೊಡ್ಡದು ಕೊಡಿ. ಮಕ್ಕಳ ಸೈಜು 13 ಆದ ಮೇಲೆ ಮತ್ತೆ 1ರಿಂದ ಶುರು, ಹಾಗಾಗಿ ಅದು 1ನೇ ನಂಬರು. ಒಳಗಿನ ಉದ್ದ 21.7 ಸೆಂಟಿಮೀಟರ್. ಬೆರಳಿನ ಮುಂದೆ ಸುಮಾರು 3 ಸೆಂಟಿಮೀಟರ್ ಖಾಲಿ. ಮಗು ನಡೆದಾಗ ಹಿಮ್ಮಡಿ ಮೇಲಕ್ಕೆದ್ದು ಜಾರುತ್ತದೆ, ಉಜ್ಜಿ ಗುಳ್ಳೆ ಏಳುತ್ತದೆ. ಮೆಟ್ಟಿಲು ಹತ್ತುವಾಗ ಮೂತಿ ತಾಗಿ ಎಡವುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಬೇರೆ ಇದೆ. ಶೂ ಒಂದು ನಿರ್ದಿಷ್ಟ ಜಾಗದಲ್ಲಿ ಮಡಚಬೇಕು ಅಂತಲೇ ಮಾಡಿರುತ್ತಾರೆ, ಪಾದದ ಬೆರಳುಗಳ ಬುಡ ಬರುವ ಜಾಗದಲ್ಲಿ. ಶೂ ಎರಡು ಸೈಜು ದೊಡ್ಡದಾದರೆ ಮಗುವಿನ ಬೆರಳಿನ ಬುಡ ಹಿಂದಕ್ಕೆ ಬೀಳುತ್ತದೆ. ಶೂ ಮಡಚಬಾರದ ಕಡೆ ಮಡಚುತ್ತದೆ. ಮುಂದಿನ ಖಾಲಿ ಭಾಗ ಮುದುಡಿ ನೆಲಕ್ಕೆ ಉಜ್ಜುತ್ತದೆ. ಬಿರುಕು ಬೇಗ ಬರುತ್ತದೆ, ಮೂತಿ ಬೇಗ ಸವೆಯುತ್ತದೆ, ಸೋಲು ಬಾಯಿ ಬಿಡುತ್ತದೆ. ಎರಡು ವರ್ಷ ಬರಲಿ ಅಂತ ತಗೊಂಡ ದೊಡ್ಡ ಶೂ, ಕಾಲು ಅದನ್ನು ತುಂಬುವ ಮೊದಲೇ ಮುಗಿದುಹೋಗಬಹುದು.

ಅಂದರೆ ದುಡ್ಡು ಉಳಿಸಲು ಮಾಡಿದ ಉಪಾಯವೇ ದುಡ್ಡು ಕಳೆಯುತ್ತದೆ. ಇದನ್ನು ಬರೆಯಿರಿ. ಆದರೆ ಬರೆಯುವ ಧಾಟಿ ಜೋಪಾನ. "ದೊಡ್ಡ ಸೈಜು ಕೊಳ್ಳುವ ತಪ್ಪು ಮಾಡಬೇಡಿ" ಅಂದರೆ ಅವರಿಗೆ ಬುದ್ಧಿ ಹೇಳಿದಂತಾಗುತ್ತದೆ. ಅವರ ಅಮ್ಮ ಅವರಿಗೆ ಹಾಗೇ ಕೊಡಿಸಿದ್ದು, ಅವರೂ ಹಾಗೇ ಬೆಳೆದದ್ದು. ಅವರ ಲೆಕ್ಕವನ್ನು ಒಪ್ಪಿಕೊಂಡೇ ಶುರು ಮಾಡಿ: "ಬೆಳೆಯೋ ಕಾಲಿಗೆ ಜಾಗ ಬೇಕೇ ಬೇಕು. ಆ ಜಾಗ ನಮ್ಮ ಸರಿಯಾದ ಸೈಜಿನಲ್ಲೇ ಇದೆ." ಇಷ್ಟು ಹೇಳಿದ ಮೇಲೆ ದೊಡ್ಡದು ಯಾಕೆ ಬೇಡ ಅನ್ನುವುದನ್ನು ಕೇಳುವ ವ್ಯವಧಾನ ಅವರಿಗೆ ಬರುತ್ತದೆ.

ಸೈಜು ಪಟ್ಟಿಯಲ್ಲಿ ವಯಸ್ಸು ಹಾಕಬೇಡಿ. ಏಳು ವರ್ಷದ ಇಬ್ಬರು ಮಕ್ಕಳ ಕಾಲಿಗೆ ಎರಡು ಮೂರು ನಂಬರ್ ವ್ಯತ್ಯಾಸ ಇರುವುದು ಮಾಮೂಲು. ಬೇರೆ ಕಂಪನಿಯ ಪಟ್ಟಿಯನ್ನೂ ನಕಲು ಮಾಡಬೇಡಿ. ನಂಬರು ಒಂದೇ ಆದರೂ ಒಳಗಿನ ಉದ್ದ ಒಬ್ಬೊಬ್ಬರದು ಒಂದೊಂದು ಥರ. ನಿಮ್ಮ ಪ್ರತಿ ಸೈಜಿನ ಒಳಹಾಸು ತೆಗೆದು ಅಳೆಯಿರಿ. ಪಟ್ಟಿಯಲ್ಲಿ ಎರಡೇ ಸಾಲು ಸಾಕು, "ಮಗುವಿನ ಕಾಲು ಇಷ್ಟು ಸೆಂಟಿಮೀಟರ್ ಇದ್ದರೆ, ಈ ನಂಬರು". 13 ಆದ ಮೇಲೆ ಮತ್ತೆ 1ರಿಂದ ಶುರುವಾಗುತ್ತದೆ ಅನ್ನುವುದನ್ನು ಪಟ್ಟಿಯ ಕೆಳಗೆ ಬರೆದುಬಿಡಿ. ಫೋನಿನಲ್ಲಿ ಆರ್ಡರ್ ಮಾಡುವವರು ಅಲ್ಲೇ ಗೊಂದಲಕ್ಕೆ ಬೀಳುವುದು.

ಅಳೆಯುವುದು ಹೇಗೆ ಅನ್ನುವುದೂ ಬರಹದ ಭಾಗವೇ. ಸಂಜೆ ಹೊತ್ತು ಅಳೆಯಲಿ, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಶಾಲೆಯ ಸಾಕ್ಸು ಹಾಕಿಸಿ, ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ನಿಲ್ಲಿಸಬೇಕು. ಕೂತು ಅಳೆದರೆ ಕಾಲು ಚಿಕ್ಕದಾಗಿ ಬರುತ್ತದೆ. ಎರಡೂ ಕಾಲು ಅಳೆದು ಉದ್ದದ್ದನ್ನು ಹಿಡಿಯಬೇಕು. ಉದ್ದನೆಯ ಬೆರಳು ಹೆಬ್ಬೆರಳೇ ಆಗಬೇಕೆಂದಿಲ್ಲ. ಅಂಗಡಿಗೆ ಬಂದವರಿಗೆ ಇನ್ನೂ ಸುಲಭ. ಒಳಹಾಸು ಹೊರತೆಗೆದು ಅದರ ಮೇಲೆ ಮಗುವನ್ನು ನಿಲ್ಲಿಸಿ. ಮುಂದೆ ಎಷ್ಟು ಜಾಗ ಇದೆ ಅನ್ನುವುದು ಅಮ್ಮನಿಗೇ ಕಾಣುತ್ತದೆ. ಶೂ ಮೇಲಿಂದ ಒತ್ತಿ ನೋಡಿದರೆ ಮಕ್ಕಳು ಬೆರಳು ಮಡಚಿಕೊಳ್ಳುತ್ತಾರೆ, ಏನೂ ಗೊತ್ತಾಗುವುದಿಲ್ಲ. ನಿಮ್ಮ ಶೂವಿನ ಒಳಹಾಸು ಅಂಟಿಸಿಬಿಟ್ಟಿದ್ದರೆ, ಮುಂದಿನ ಸಲ ಅಂಟಿಸದೆ ಮಾಡಿಕೊಡಿ ಅಂತ ಹೇಳಿ. ಮಳೆಗಾಲದಲ್ಲಿ ಬೇರೆಯಾಗಿ ಒಣಗಿಸಲೂ ಅದು ಅನುಕೂಲ.

ಕೆಲವರು "ಎರಡು ಒಳಹಾಸು ಫ್ರೀ, ದೊಡ್ಡ ಸೈಜು ತಗೊಳ್ಳಿ" ಅಂತ ಮಾರುತ್ತಾರೆ. ಎರಡನೇ ಒಳಹಾಸು ಶೂವಿನ ಎತ್ತರವನ್ನು ತುಂಬುತ್ತದೆಯೇ ಹೊರತು ಉದ್ದವನ್ನು ಕಡಿಮೆ ಮಾಡುವುದಿಲ್ಲ. ಅರ್ಧ ಸೈಜು ಹೆಚ್ಚುಕಮ್ಮಿ ಆದರೆ ಉಪಯೋಗಕ್ಕೆ ಬರುತ್ತದೆ. ಎರಡು ಸೈಜಿನ ಅಂತರಕ್ಕೆ ಅದು ಮದ್ದಲ್ಲ.

ಈಗ ಬೆಲೆಯ ಮಾತು. "ದಿನಕ್ಕೆ ಬರೀ 2 ರೂಪಾಯಿ" ಅಂತ ಬರೆಯಲು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಅಂಗಡಿಯಲ್ಲಿ ಎಣಿಸಿ ಕೊಡಬೇಕಾದ್ದು 649, ಎರಡು ರೂಪಾಯಿ ಅಲ್ಲ. ಜೂನ್ ಅಂದರೆ ಫೀಸು, ಪುಸ್ತಕ, ಸಮವಸ್ತ್ರ, ಬ್ಯಾಗು, ಎಲ್ಲ ಒಟ್ಟಿಗೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಸರ್ಕಾರದಿಂದ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸು ಸಿಗುತ್ತದೆ. ಹಾಗಾಗಿ ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಸಣ್ಣ ಖಾಸಗಿ ಶಾಲೆಗೆ ಕಷ್ಟಪಟ್ಟು ಫೀಸು ಕಟ್ಟುವವರು. ಆ ತಿಂಗಳು ಅವರಿಗೆ 300 ರೂಪಾಯಿ ವ್ಯತ್ಯಾಸ ನಿಜವಾದ ವ್ಯತ್ಯಾಸ. ಅದನ್ನು ಮಾತಿನಲ್ಲಿ ಕರಗಿಸಲು ಹೋಗಬೇಡಿ.

ಅವರೇ ಹಾಕುವ ಲೆಕ್ಕವನ್ನು ಮುಂದಿಡಿ. 350 ರೂಪಾಯಿಯ ಶೂ ಜೂನ್‌ನಲ್ಲಿ ಒಂದು ಜೊತೆ ಕೊಂಡು, ದೀಪಾವಳಿ ಹೊತ್ತಿಗೆ ಅದು ಬಾಯಿ ಬಿಟ್ಟರೆ ಇನ್ನೊಂದು ಜೊತೆ. ಒಟ್ಟು 700. ನಿಮ್ಮದು 649. ಉಳಿತಾಯ ಬರೀ 51 ರೂಪಾಯಿ, ನೋಡಿ. ಇದನ್ನು "ಅರ್ಧಕ್ಕರ್ಧ ಉಳಿತಾಯ" ಅಂತ ಉಬ್ಬಿಸಿದರೆ ಅವರು ಅಲ್ಲೇ ಹಿಡಿಯುತ್ತಾರೆ. ನಿಜ ಹೇಳಿದರೆ ನಿಮ್ಮ ಶೂವಿನ ಲಾಭ ಆ 51 ರೂಪಾಯಿಯಲ್ಲಿ ಇಲ್ಲ. ನವೆಂಬರ್‌ನಲ್ಲಿ ಮತ್ತೆ ಪೇಟೆಗೆ ಓಡುವುದು ತಪ್ಪುತ್ತದೆ. ಆ ಮೊದಲು ಒಂದೆರಡು ವಾರ ಹರಿದ ಶೂ ಹಾಕಿಕೊಂಡು ಹೋಗಿ, ಮಗು ಶಾಲೆಯಲ್ಲಿ ಮಾತು ಕೇಳುವುದು ತಪ್ಪುತ್ತದೆ. ಮೊದಲನೆಯದನ್ನು ಬರೆಯಿರಿ. ಎರಡನೆಯದನ್ನು ಬರೆಯಬೇಡಿ. ಮಗುವಿನ ಅವಮಾನ ತೋರಿಸಿ ಮಾರುವುದು ನನಗೆ ಸರಿ ಕಾಣುವುದಿಲ್ಲ. ಅದು ಮೊದಲು ಚುಚ್ಚುವುದು ಕೈಯಲ್ಲಿ ದುಡ್ಡಿಲ್ಲದವರನ್ನೇ.

649 ಜಾಸ್ತಿ ಅನ್ನುವವರ ನಿಜವಾದ ಭಯ ಬೇರೆ. ಇಷ್ಟು ಕೊಟ್ಟ ಮೇಲೂ ಕೆಟ್ಟರೆ? ಆರ್ಡರ್ ಮಾಡಿದ ಸೈಜು ಆಗದಿದ್ದರೆ? ಅದಕ್ಕೆ ಉತ್ತರ ನೀವು ಒಪ್ಪಿಕೊಳ್ಳುವ ಜವಾಬ್ದಾರಿ. ಉದಾಹರಣೆಗೆ, ಹೊರಗೆ ಹಾಕದ ಶೂ 15 ದಿನದೊಳಗೆ ತಂದರೆ ಸೈಜು ಬದಲಿಸಿ ಕೊಡುವುದು. ಡಿಸೆಂಬರ್ 31ರೊಳಗೆ ಸೋಲು ಬಿಟ್ಟರೆ ಉಚಿತವಾಗಿ ಹೊಲಿಸಿ ಕೊಡುವುದು. ಹೊಲಿಸುವ ಖರ್ಚು ಎಷ್ಟು, ವರ್ಷಕ್ಕೆ ಎಷ್ಟು ಜೊತೆ ಬರಬಹುದು ಅನ್ನುವುದನ್ನು ನಿಮ್ಮ ನೋಟ್‌ಬುಕ್ ನೋಡಿ ಮೊದಲೇ ಲೆಕ್ಕ ಹಾಕಿಕೊಳ್ಳಿ. "ಗ್ಯಾರಂಟಿ" ಅಂತ ದಪ್ಪಕ್ಷರದಲ್ಲಿ ಬರೆದು, ಬಂದಾಗ "ಮೂತಿ ಸವೆದದ್ದಕ್ಕೆ ಇಲ್ಲ, ನೀರಿಗೆ ಹೋದದ್ದಕ್ಕೆ ಇಲ್ಲ" ಅಂದರೆ ಆ ಬೀದಿಯೇ ಕೈತಪ್ಪುತ್ತದೆ. ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ ಅನ್ನುವುದು ಅದೇ ಅಕ್ಷರದ ಗಾತ್ರದಲ್ಲಿ ಇರಲಿ.

ಇಷ್ಟೂ ಸೇರಿಸಿ ಬರೆದರೆ ನಿಮ್ಮ ಉದ್ದದ ಬರಹ ಹೀಗಿರಬಹುದು. ಸೈಜಿನ ಸಂಖ್ಯೆ, ದಿನಾಂಕಗಳನ್ನು ನಿಮ್ಮ ಅಂಗಡಿಗೆ ತಕ್ಕಂತೆ ಬದಲಿಸಿಕೊಳ್ಳಿ:

> ಜೂನ್‌ನಲ್ಲಿ ಕೊಂಡ ಶೂ ಮಾರ್ಚ್‌ವರೆಗೆ ಬರಬೇಕು ಅಲ್ವಾ?
>
> ಶಾಲಾ ಶೂ ಎರಡು ಕಾರಣಕ್ಕೆ ಮೂಲೆ ಸೇರುತ್ತದೆ. ಒಂದೋ ಹರಿಯುತ್ತದೆ, ಇಲ್ಲ ಕಾಲಿಗೆ ಹಿಡಿಯುವುದಿಲ್ಲ. ಎರಡನ್ನೂ ಯೋಚಿಸಿ ಮಾಡಿಸಿದ ಶೂ ಇದು.
>
> ಸೋಲನ್ನು ಬರೀ ಅಂಟಿಸಿಲ್ಲ, ಸುತ್ತ ಹೊಲಿದಿದ್ದೇವೆ. ಅಂಚಿನ ಮೇಲೆ ಬೆರಳಾಡಿಸಿ ನೋಡಿ, ದಾರ ಸಿಗುತ್ತದೆ. ಸೋಲು ರಬ್ಬರಿನಂತೆ ಬಾಗುತ್ತದೆ, ಒದ್ದೆ ಮೆಟ್ಟಿಲಲ್ಲಿ ಬೇಗ ಜಾರುವುದಿಲ್ಲ. ಎರಡು ಪಟ್ಟಿ ವೆಲ್ಕ್ರೋ, ಬೆಳಿಗ್ಗೆ ಮಗು ತಾನೇ ಹಾಕಿಕೊಳ್ಳಬಹುದು.
>
> ಬೆಳೆಯೋ ಕಾಲಿಗೆ ಜಾಗ ಬೇಕೇ ಬೇಕು. ಆ ಜಾಗ ಸರಿಯಾದ ಸೈಜಿನಲ್ಲೇ ಇದೆ. ಬೆರಳಿನ ಮುಂದೆ 12 ಮಿಲಿಮೀಟರ್‌ವರೆಗೆ ಖಾಲಿ ಬಿಟ್ಟು ಕೊಡುತ್ತೇವೆ, ಪ್ರೈಮರಿ ಮಕ್ಕಳ ಕಾಲು ಒಂದು ಶಾಲಾ ವರ್ಷ ಬೆಳೆಯಲು ಸಾಮಾನ್ಯವಾಗಿ ಅದು ಸಾಕು. ಎರಡು ಸೈಜು ದೊಡ್ಡದಾದರೆ ಶೂ ತಪ್ಪು ಜಾಗದಲ್ಲಿ ಮಡಚಿ ಬೇಗ ಬಿರುಕು ಬಿಡುತ್ತದೆ. ಕಾಲಿನ ಅಳತೆ ಕಳಿಸಿ, ನಂಬರು ನಾವು ಹೇಳುತ್ತೇವೆ.
>
> ಬೆಲೆ 649 ರೂಪಾಯಿ, ತೆರಿಗೆ ಸೇರಿ. ಹೊರಗೆ ಹಾಕದಿದ್ದರೆ 15 ದಿನದೊಳಗೆ ಸೈಜು ಬದಲಿಸಿ ಕೊಡುತ್ತೇವೆ. ಡಿಸೆಂಬರ್ 31ರೊಳಗೆ ಸೋಲು ಬಿಟ್ಟರೆ ಉಚಿತವಾಗಿ ಹೊಲಿಸಿ ಕೊಡುತ್ತೇವೆ. ಮೂತಿಯ ಬಣ್ಣ ಸವೆದದ್ದಕ್ಕೆ ಇದು ಅನ್ವಯಿಸುವುದಿಲ್ಲ, ಅದಕ್ಕೆ ಪಾಲಿಶ್ ಸಾಕು.
>
> ಮಳೆಯಲ್ಲಿ ನೆನೆದರೆ ಒಳಹಾಸು ತೆಗೆದು, ಒಳಗೆ ಹಳೇ ಪೇಪರ್ ತುಂಬಿ ಫ್ಯಾನ್ ಕೆಳಗಿಡಿ. ಒಲೆಯ ಪಕ್ಕ ಇಡಬೇಡಿ, ಬಿಸಿಗೆ ಅಂಟು ಸೋಲುತ್ತದೆ.

ಕೊನೆಯ ಸಾಲು ಜಾಹೀರಾತಿನಲ್ಲಿ ಯಾಕೆ ಅಂತ ಅನ್ನಿಸಬಹುದು. ಶೂ ಹೇಗೆ ಕೆಡುತ್ತದೆ ಅನ್ನುವುದು ಗೊತ್ತಿರುವ ಅಂಗಡಿ ಇದು ಅನ್ನುವ ನಂಬಿಕೆ ಅಲ್ಲಿ ಹುಟ್ಟುತ್ತದೆ. ವಾಪಸ್ ಬರುವ ಜೊತೆಗಳೂ ಕಡಿಮೆಯಾಗುತ್ತವೆ.

ವಾಟ್ಸಾಪ್ ಸ್ಟೇಟಸ್‌ಗೆ ಇಷ್ಟುದ್ದ ಆಗುವುದಿಲ್ಲ. ಅಲ್ಲಿಗೆ ಒಂದೇ ಮಾತು ಆರಿಸಿ: "ಎರಡು ಸೈಜು ದೊಡ್ಡದು ಬೇಡ. ಕಾಲಿನ ಅಳತೆ ಕಳಿಸಿ, ಮಾರ್ಚ್‌ವರೆಗೆ ಆಗುವ ನಂಬರು ಹೇಳುತ್ತೇವೆ. 649 ರೂಪಾಯಿ, ಸುತ್ತ ಹೊಲಿದ ಸೋಲು." ಬೆಲೆ ಮತ್ತು ಅಂಗಡಿಯ ನಂಬರು ಚಿತ್ರದ ಮೇಲೇ ಇರಲಿ. ಚಿತ್ರ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಕೆಳಗೆ ಬರೆದದ್ದು ಎಷ್ಟೋ ಸಲ ಕಳಚಿಹೋಗುತ್ತದೆ. ಫೋಟೋದಲ್ಲಿ ಶೂವಿನ ಮುಖಕ್ಕಿಂತ ಹೊಲಿಗೆ ಕಾಣುವ ಪಕ್ಕದ ಭಾಗ, ಕೈಯಲ್ಲಿ ಹಿಡಿದು ಮಡಚಿದ ನೋಟ, ತಳಭಾಗ ಇವು ಇರಲಿ. ಕಪ್ಪು ಶೂ ಎದುರಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ.

"ಅಗ್ಗ", "ಬಡವರಿಗೂ ಕೈಗೆಟಕುವ" ಇಂಥ ಪದಗಳನ್ನು ತೆಗೆದುಹಾಕಿ. ಲೆಕ್ಕ ನೋಡಿ ಖರ್ಚು ಮಾಡುವವರು ತಮ್ಮನ್ನು ಬಡವರು ಅಂದುಕೊಂಡಿರುವುದಿಲ್ಲ, ಜಾಣರು ಅಂದುಕೊಂಡಿರುತ್ತಾರೆ. ಅದು ಸರಿಯೂ ಹೌದು. "ಉಜ್ವಲ ಭವಿಷ್ಯ"ವನ್ನಂತೂ ಶೂವಿನ ಮೇಲೆ ಹೊರಿಸಬೇಡಿ.

ಸಂದೇಶ ಕಳಿಸುವ ಸಮಯ ಮೇ ಎರಡನೇ ವಾರದಿಂದ. ಆದರೆ ದಸರಾ ರಜೆಯ ಹೊತ್ತಿಗೆ ಇನ್ನೊಂದು ಚಿಕ್ಕ ಸಂದೇಶ ಕಳಿಸಿ, ಏನೂ ಮಾರದೆ: "ಶೂವಿನ ಒಳಹಾಸು ತೆಗೆದು ಮಗುವನ್ನು ಅದರ ಮೇಲೆ ನಿಲ್ಲಿಸಿ. ಬೆರಳು ತುದಿ ಮುಟ್ಟಿದ್ದರೆ ಸೈಜು ಮುಗಿದಿದೆ." ಬೇಗ ಬೆಳೆದ ಕೆಲವು ಮಕ್ಕಳ ಮನೆಯವರು ಆಗಲೇ ಬರುತ್ತಾರೆ. ಉಳಿದವರಿಗೆ ಮುಂದಿನ ಮೇನಲ್ಲಿ ನಿಮ್ಮ ಅಂಗಡಿ ನೆನಪಿರುತ್ತದೆ.

ಒಂದು ಮಿತಿ ಮಾತ್ರ ನೆನಪಿಡಿ. ಮೇಲಿನ ಬರಹ ಹೈಸ್ಕೂಲು ಮುಟ್ಟಿದ ಮಕ್ಕಳಿಗೆ ಹೊಂದುವುದಿಲ್ಲ. ಹುಡುಗಿಯರಿಗೆ ಹತ್ತು ಹನ್ನೊಂದರ ಸುಮಾರಿಗೆ, ಹುಡುಗರಿಗೆ ಹನ್ನೆರಡು ಹದಿಮೂರರ ಸುಮಾರಿಗೆ ಕಾಲು ಒಮ್ಮೆಲೇ ಚಿಮ್ಮಿ ಬೆಳೆಯುತ್ತದೆ. ಕೆಲವರದು ಆರು ತಿಂಗಳಲ್ಲೇ ಒಂದು ಸೈಜು ದಾಟುತ್ತದೆ. ಅವರ ಮನೆಯವರಿಗೆ "ಮಾರ್ಚ್‌ವರೆಗೆ" ಅನ್ನುವ ಮಾತು ಕೊಡಬೇಡಿ. ದೊಡ್ಡ ಸೈಜುಗಳಿಗೆ ಬೇರೆಯೇ ಚಿತ್ರ ಮಾಡಿ, ಅದರಲ್ಲಿ ಹೊಲಿಗೆ ಮತ್ತು ರಿಪೇರಿಯ ಮಾತು ಮಾತ್ರ ಇಡಿ. ಅಂಗಡಿಗೆ ಬಂದಾಗ ಬೆರಳಿನ ಮುಂದೆ ಇಷ್ಟು ಜಾಗ ಇದೆ, ಅದು ತುಂಬುವುದು ಬೇಗವೂ ಆಗಬಹುದು ಅಂತ ಬಾಯಲ್ಲೇ ಹೇಳಿ.